ಟಾಸ್ಮೇನಿಯಾ ಮೇಷ್ಟ್ರು

ನಮ್ಮ ಇಂಟರ್‌ನ್ಯಾಷನಲ್ ಲಾ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ಬ್ಯಾಚಿನ ಹಳೇ ಗೆಳೆಯರೆಲ್ಲ ಫೋನಿಗೆ ಸಿಕ್ಕರು. ಎಲ್ಲರ ಬಾಯಲ್ಲೂ ಒಂದೇ ಮಾತು: ಟಾಸ್ಮೇನಿಯಾ. ಆ ವರ್ಷದ ಸಿಲಬಸ್ಸಿನಲ್ಲಿ ಇನ್ನೇನಿತ್ತು ಅಂತ ಕೇಳಿದರೆ ಒಬ್ಬರಿಗೂ ನೆನಪಿಲ್ಲ.

ಅವರದು ಬೆಳಗಿನ ಮೊದಲ ಕ್ಲಾಸು. ತಡವಾಗಿ ಬಂದರೆ ಬಾಗಿಲ ಹೊರಗೆ. ರೋಸಿಹೋಗಿ ನಾವು ಕೆಲವರು ಸೇರಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಒಂದು ದೂರು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆವು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ ಕ್ರೂರವಾಗಿ, ಅಮಾನವೀಯವಾಗಿ ನಡೆಸಿಕೊಳ್ಳಬಾರದು ಅನ್ನುತ್ತೆ, ಈ ಕ್ಲಾಸು ಅದೇ ಅಲ್ವಾ ಅಂತ ವಾದ. ಡ್ರಾಫ್ಟಿಂಗ್ ನನ್ನದು. ಕೈ ಆಗಲೇ ಚೆನ್ನಾಗಿತ್ತು.

ಮಾರನೇ ದಿನ ಹಾಳೆ ಅಲ್ಲೇ ಇತ್ತು, ಕೆಳಗೆ ಕೆಂಪು ಇಂಕಿನಲ್ಲಿ ಆದೇಶ. ‘ಸಹಿ ಇಲ್ಲ. ವ್ಯಕ್ತಿಗಳು ಸಮಿತಿಗೆ ದೂರು ಕೊಡಲು ದಾರಿ ಮಾಡುವ ಐಚ್ಛಿಕ ಪ್ರೋಟೋಕಾಲಿನ 3ನೇ ವಿಧಿ ಪ್ರಕಾರ ಹೆಸರಿಲ್ಲದ ದೂರು ನಿಲ್ಲುವುದಿಲ್ಲ. ಊರೊಳಗಿನ ಬಾಗಿಲು ತಟ್ಟದೆ ಅಲ್ಲಿಗೆ ಹೋಗುವಂತಿಲ್ಲ, 5ನೇ ವಿಧಿ. ನನ್ನನ್ನು ಒಮ್ಮೆಯಾದರೂ ಕೇಳಿದಿರಾ? ಅದೆಲ್ಲ ಬಿಡಿ, ಭಾರತ ಒಡಂಬಡಿಕೆಗೆ 1979ರಲ್ಲಿ ಸೇರಿದೆಯೇ ಹೊರತು ಈ ಪ್ರೋಟೋಕಾಲಿಗೆ ಸೇರಿಲ್ಲ. ವಜಾ.’

ಅವತ್ತು ಕ್ಲಾಸಿಗೆ ಬಂದವರೇ, ‘ಆ ಸಮಿತಿಯ ಬಾಗಿಲು ತೆರೆದಿರೋ ದೇಶದ ಕಥೆ ಹೇಳ್ತೀನಿ ಕೇಳ್ರಯ್ಯಾ’ ಅಂದರು. ಬೋರ್ಡಿನ ಮೇಲೆ ಆಸ್ಟ್ರೇಲಿಯಾ ಬರೆದು, ಕೆಳಗೊಂದು ಚುಕ್ಕಿ ಇಟ್ಟರು. ಅದು ಟಾಸ್ಮೇನಿಯಾ.

ಇಬ್ಬರು ಗಂಡಸರು ಒಪ್ಪಿಗೆಯಿಂದ, ತಮ್ಮ ಮನೆಯೊಳಗೆ ಕೂಡಿದರೂ ಆ ರಾಜ್ಯದಲ್ಲಿ ಅಪರಾಧ. ವರ್ಷಗಳಿಂದ ಯಾರ ಮೇಲೂ ಕೇಸು ಹಾಕಿರಲಿಲ್ಲ, ಆದರೆ ಕಾನೂನು ಪುಸ್ತಕದಲ್ಲಿತ್ತು. ಆಸ್ಟ್ರೇಲಿಯಾ ಒಡಂಬಡಿಕೆಗೆ ಒಪ್ಪಿ ಸಹಿ ಹಾಕಿದ ಮಾತ್ರಕ್ಕೆ ಅದು ಅಲ್ಲಿನ ಕೋರ್ಟಿನಲ್ಲಿ ಕಾನೂನಾಗುವುದಿಲ್ಲ. ಸಂಸತ್ತು ಬೇರೆ ಕಾಯ್ದೆ ಮಾಡಬೇಕು. ಹಾಗಾಗಿ ಆ ಕಾನೂನಿನ ವಿರುದ್ಧ ಹೋರಾಡುತ್ತಿದ್ದ ನಿಕೊಲಸ್ ಟೂನೆನ್‌ಗೆ ದೇಶದೊಳಗೆ ಪರಿಹಾರ ಕೇಳಲು ದಾರಿಯೇ ಇರಲಿಲ್ಲ, ಸರ್ಕಾರವೂ ಅದನ್ನು ಒಪ್ಪಿತು. 1991ರ ಕೊನೆಗೆ ಪ್ರೋಟೋಕಾಲು ಆಸ್ಟ್ರೇಲಿಯಾಕ್ಕೆ ಜಾರಿಯಾಗುತ್ತಿದ್ದಂತೆ ಅವರು ಸಮಿತಿಗೆ ದೂರು ಕೊಟ್ಟರು.

ತಮಾಷೆ ಎಂದರೆ, ಸಮಿತಿಯ ನೆಲೆಯಾದ ಜಿನೀವಾದಲ್ಲಿ ಉತ್ತರ ಕೊಡಬೇಕಾದ್ದು ಕೇಂದ್ರ ಸರ್ಕಾರ, ಕಾನೂನು ಮಾತ್ರ ರಾಜ್ಯದ್ದು. ಖಾಸಗಿ ಬದುಕಿನಲ್ಲಿ ಕೈ ಹಾಕಿರುವುದು ನಿಜ ಅಂತ ಕೇಂದ್ರವೇ ಹೇಳಿತು. ಏಡ್ಸ್ ತಡೆಯೋಕೆ ಈ ಕಾನೂನು ಬೇಕು ಅಂತ ಟಾಸ್ಮೇನಿಯಾ ವಾದಿಸಿತು. 1994ರ ಮಾರ್ಚಿನಲ್ಲಿ ಸಮಿತಿ, ಕೇಸು ಹಾಕದಿದ್ದರೂ ಕಾನೂನು ಇರುವುದೇ ಖಾಸಗಿತನ ಕಾಯುವ 17ನೇ ವಿಧಿಯ ಉಲ್ಲಂಘನೆ, ಅದನ್ನು ತೆಗೆಯಿರಿ ಅಂದಿತು.

‘ಆಯ್ತಲ್ಲ, ಗೆದ್ದರು’ ಅಂದೆ ನಾನು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ನಾನೇ, ಬಾಯಿ ಜೋರು.

‘ಎಲ್ಲಪ್ಪಾ ಗೆದ್ದಿದ್ದು? ಅದು ಸಮಿತಿಯ ಅಭಿಪ್ರಾಯ. ಟಾಸ್ಮೇನಿಯಾ ಆಗಲ್ಲ ಅಂತು. ಜಿನೀವಾದಿಂದ ಪೊಲೀಸರು ಬರ್ತಾರಾ?’ ಅವರ ಪಾಠ ಶುರುವಾಗುತ್ತಿದ್ದುದೇ ಇಲ್ಲಿಂದ.

ಆಸ್ಟ್ರೇಲಿಯಾದ ಸಂವಿಧಾನದ 51ನೇ ಸೆಕ್ಷನ್ನಿನಲ್ಲಿ ವಿದೇಶಾಂಗ ವ್ಯವಹಾರ ಕೇಂದ್ರದ ಅಧಿಕಾರ. ಒಪ್ಪಂದವನ್ನು ಜಾರಿ ಮಾಡಲು ಅದರ ಬಲದಿಂದ ಕಾಯ್ದೆ ಮಾಡಬಹುದು. 1994ರ ಕೊನೆಯಲ್ಲಿ ಸಂಸತ್ತು ಒಂದು ಪುಟ್ಟ ಕಾಯ್ದೆ ಮಾಡಿತು: ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸಿದ ಲೈಂಗಿಕ ವರ್ತನೆಯ ನೆಪದಲ್ಲಿ, 17ನೇ ವಿಧಿಗೆ ವಿರುದ್ಧವಾಗಿ ಅವರ ಖಾಸಗಿತನದಲ್ಲಿ ಮನಸ್ಸಿಗೆ ಬಂದಂತೆ ತಲೆಹಾಕುವಂತಿಲ್ಲ. ಟಾಸ್ಮೇನಿಯಾದ ಕಾನೂನನ್ನು ಅದು ಹೆಸರಿಸಿ ರದ್ದು ಮಾಡಲೇ ಇಲ್ಲ. 109ನೇ ಸೆಕ್ಷನ್ ಪ್ರಕಾರ ಕೇಂದ್ರದ ಕಾಯ್ದೆಗೂ ರಾಜ್ಯದ ಕಾನೂನಿಗೂ ತಿಕ್ಕಾಟ ಬಂದರೆ, ತಿಕ್ಕಾಟ ಇರುವಷ್ಟರ ಮಟ್ಟಿಗೆ ರಾಜ್ಯದ್ದು ಬಿದ್ದುಹೋಗುತ್ತೆ. ಆದರೆ ತಿಕ್ಕಾಟ ಇದೆ ಅಂತ ಕೋರ್ಟು ಹೇಳಬೇಕು. ಟೂನೆನ್ ಮತ್ತು ಅವರ ಜೊತೆ ಹೋರಾಡುತ್ತಿದ್ದ ರಾಡ್ನಿ ಕ್ರೂಮ್ ಹೈಕೋರ್ಟಿಗೆ ಹೋದರು, ಅಲ್ಲಿ ಅದೇ ದೇಶದ ಅತ್ಯುನ್ನತ ಕೋರ್ಟು. ಕೇಸೇ ಹಾಕಿಲ್ಲ, ವಿವಾದ ಎಲ್ಲಿದೆ ಅಂತ ಟಾಸ್ಮೇನಿಯಾ ಕೇಳಿತು. 1997ರ ಫೆಬ್ರವರಿಯಲ್ಲಿ ಕೋರ್ಟು ಆ ಆಕ್ಷೇಪ ತಳ್ಳಿ, ದಾವೆ ಮುಂದುವರಿಯಲಿ ಅಂದಿತು. ಮೂಲ ಪ್ರಶ್ನೆಗೆ ತೀರ್ಪು ಬರುವ ಮೊದಲೇ, ಮೇ ತಿಂಗಳಲ್ಲಿ, ಟಾಸ್ಮೇನಿಯಾ ತಾನಾಗಿ ಆ ಕಾನೂನು ತೆಗೆಯಿತು.

ಈಗಿನ ಮಕ್ಕಳ ನೋಟ್ಸು ನೋಡಿದೆ. ‘ಒಪ್ಪಂದವು ಕಾಯ್ದೆಯ ಮೂಲಕ ಜಾರಿಯಾಗುತ್ತದೆ’ ಅಂತ ಒಂದು ಸಾಲು, ಎದುರಿಗೆ ಎರಡು ಅಂಕ. ಆ ಸಾಲಿನೊಳಗೆ ಐದಾರು ವರ್ಷದ ಜಗ್ಗಾಟ ಇದೆ ಅಂತ ಯಾರೂ ಅವರಿಗೆ ಹೇಳಿಲ್ಲ. ನನ್ನ ಆಫೀಸಿನ ಜೂನಿಯರ್‌ಗಳು ಅರ್ಜಿಯಲ್ಲಿ ಒಡಂಬಡಿಕೆಯ ವಿಧಿಗಳನ್ನು ಸಾಲಾಗಿ ಪೇರಿಸಿ ತಂದಾಗ, ಇದು ಯಾವ ಕಾಯ್ದೆಯ ಮೂಲಕ ಈ ಕೋರ್ಟಿನೊಳಗೆ ಬಂತು ಅಂತ ಕೇಳುತ್ತೇನೆ. ಪೆನ್ನಿನ ಇಂಕು ಕೆಂಪೇ, ಸುಮ್ನೆ ಒಂದು ಅಭ್ಯಾಸ.