ದಿನಾ ಎಷ್ಟು ಗುಂಡಿ?

"ಅಲ್ಲ ಮಾರಾಯ್ರೇ, ಕೆಲ್ಸಕ್ಕೂ ಹೋಗ್ತೀರಿ, ಆಳೂ ಇಲ್ಲ. 240 ಕಾಫಿ ಗಿಡ ಒಬ್ರೇ ಹೆಂಗ್ ನೆಟ್ರಿ? ದಿನಾ ಎಷ್ಟು ಗುಂಡಿ ಹೊಡೀತಿದ್ರಿ?"

ನಾನು 240 ಗಿಡ ನೆಟ್ಟಿಲ್ಲ. ನೆಟ್ಟಿದ್ದು 114. ಜೀಪಿನಲ್ಲಿ 240 ಸಸಿ ಬಂದಿದ್ದನ್ನು ಊರವರು ನೋಡಿದರು. ಅದರಲ್ಲಿ 126 ಪಕ್ಕದ ತೋಟಕ್ಕೆ ಹೋಗಿದ್ದನ್ನು ಯಾರೂ ನೋಡಲಿಲ್ಲ. ಕಳೆದ ತಿಂಗಳು ಚಿಕ್ಕಮಗಳೂರಿನಲ್ಲಿ ಒಂದು ಮದುವೆ ಊಟ. ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಇದೇ ಪ್ರಶ್ನೆ ಕೇಳಿದರು. "ನಾಲ್ಕು" ಅಂದೆ. "ಅಷ್ಟೇನಾ?" ಅಂದುಬಿಟ್ಟರು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಬರೆದು ಹಾಕೋದೇ ವಾಸಿ.

ದಿನಕ್ಕೆ ಎಷ್ಟು ಅನ್ನೋದು ಕೊನೆಗೆ ಸಿಗುವ ಲೆಕ್ಕ. ಎಲ್ಲರೂ ಅದನ್ನೇ ಮೊದಲು ಕೇಳುತ್ತಾರೆ.

ನಮ್ಮದು ಅರೇಬಿಕಾ ತೋಟ. ಕಾಂಡಕೊರಕ ಹುಳ ಬಿದ್ದ ಗಿಡಗಳನ್ನು ಕಿತ್ತು ಸುಟ್ಟ ಮೇಲೆ 240 ಜಾಗ ಖಾಲಿಯಾಯಿತು. ಅಷ್ಟಕ್ಕೂ ಗೂಟ ಹೊಡೆದು ಗುರುತು ಮಾಡಿದೆ. ಆಮೇಲೆ ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಸಸಿ ನೆಡೋದು ಜೂನ್ ಮಳೆ ಹಿಡಿದಾಗ. ಅಷ್ಟರೊಳಗೆ, ಅಂದರೆ ಮೇ ಕೊನೆಗೆ, ಗುಂಡಿಗೆ ಮೇಲ್ಮಣ್ಣು, ಗೊಬ್ಬರ ತುಂಬಿರಬೇಕು. ತುಂಬುವ ಮೊದಲು ಎರಡು ವಾರವಾದರೂ ಗುಂಡಿ ಬಿಸಿಲು ಗಾಳಿಗೆ ತೆರೆದಿರಲಿ ಅಂತ ನನ್ನ ಲೆಕ್ಕ. ಹಾಗಾಗಿ ಕೊನೆಯ ಗುಂಡಿ ಮೇ 14ಕ್ಕೆ. ಏಪ್ರಿಲ್ 3ಕ್ಕೆ ಶುರು ಮಾಡಿದರೆ ಆರು ವಾರ. ಏಪ್ರಿಲ್, ಮೇ ಅಂದರೆ ಮದುವೆ, ಗೃಹಪ್ರವೇಶ ಎಲ್ಲಾ ಇದ್ದದ್ದೇ. ಒಂದು ವಾರ ಸುಮ್ನೆ ಬಿಟ್ಟೆ. ಉಳಿದದ್ದು ಐದು.

240ನ್ನು ಐದರಿಂದ ಭಾಗಿಸಿದರೆ ವಾರಕ್ಕೆ 48. ಭಾನುವಾರ ಬಿಟ್ಟರೆ ದಿನಕ್ಕೆ 8. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ನಾನು ಇಲ್ಲಿಗೇ ನಿಲ್ಲಿಸಿ ನರ್ಸರಿಗೆ 240 ಸಸಿಗೆ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೆ. ದಡ್ಡತನ ನನ್ನದೇ.

ಮಾರ್ಚ್ ಕೊನೆಯಲ್ಲಿ ಗಡಿಯಾರ ಇಟ್ಟುಕೊಂಡು ಮೂರು ಗುಂಡಿ ತೆಗೆದು ನೋಡಿದೆ. ಒಂದೂವರೆ ಅಡಿ ಉದ್ದ, ಅಗಲ, ಆಳ. ಒಣ ನೆಲದಲ್ಲಿ ಒಂದಕ್ಕೆ 35 ನಿಮಿಷ. ಒಳ್ಳೆ ಮಳೆ ಬಿದ್ದ ಮೇಲೆ ಮತ್ತೆ ನೋಡಿದೆ, 20 ನಿಮಿಷ. ಕೆಲಸಕ್ಕೆ ಹೊರಡುವ ಮೊದಲು ನನಗೆ ಸಿಗೋದು ಆರರಿಂದ ಏಳೂವರೆ. ಅಷ್ಟರಲ್ಲಿ ನಾಲ್ಕು ಗುಂಡಿ, ಉಸಿರಾಡಲು ಹತ್ತು ನಿಮಿಷ. ನಾಲ್ಕಾರಲ 24, ಐದು ವಾರಕ್ಕೆ 120. ನನ್ನ ದೊಡ್ಡ ಗುರಿ ಅಲ್ಲೇ ಅರ್ಧವಾಯಿತು. ಉಳಿದರ್ಧ ಮುಂದಿನ ವರ್ಷಕ್ಕೆ ಹೋಯಿತು. ಈ ಮೂರು ಗುಂಡಿ ತೆಗೆಯದೇ ಇದ್ದಿದ್ದರೆ ದಿನಾ ಎಂಟು ಅಂದುಕೊಂಡು ಎರಡನೇ ವಾರಕ್ಕೇ ಗುದ್ದಲಿ ಬಿಸಾಕುತ್ತಿದ್ದೆ.

ಅಡುಗೆಮನೆ ಕ್ಯಾಲೆಂಡರಿನಲ್ಲಿ ಎರಡು ಥರ ಬರೆದೆ. ಭಾನುವಾರದ ಚೌಕದಲ್ಲಿ "ಕೆರೆ ಕಡೆಯ ಸಾಲು, 24 ಗುಂಡಿ". ಅದು ಹೋಗಿ ಎಣಿಸಬಹುದಾದದ್ದು. ಉಳಿದ ದಿನಗಳಲ್ಲಿ "6ಕ್ಕೆ ಗುದ್ದಲಿ" ಅಂತಷ್ಟೇ. ಎಷ್ಟು ಗುಂಡಿ ಅಂತ ಅಲ್ಲಿ ಬರೆಯಲಿಲ್ಲ. ಯಾಕೆಂದರೆ ಗುಂಡಿಯೊಳಗೆ ಹಳೇ ಬೇರು ಸಿಕ್ಕಿತು ಅಂದರೆ ಎರಡಕ್ಕೇ ಏಳೂವರೆ ಆಗಿರುತ್ತದೆ. ಆರಕ್ಕೆ ಎದ್ದು ಹೋಗೋದು ನನ್ನ ಕೈಲಿದೆ, ಬೇರು ನನ್ನ ಕೈಲಿಲ್ಲ. ಗುದ್ದಲಿ, ಹಾರೆ ಹಿಂದಿನ ಸಂಜೆಯೇ ಮಾರನೇ ದಿನದ ಗೂಟದ ಪಕ್ಕ ಇಟ್ಟು ಬರುತ್ತಿದ್ದೆ. ಎಲ್ಲಿಂದ ಶುರು ಅಂತ ಹುಡುಕುತ್ತಾ ನಿಂತರೆ ಕಾಲು ಗಂಟೆ ಹೋಗುತ್ತದೆ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ. "ತಪ್ಪಿದ ವಾರ ಏನ್ ಮಾಡಿದ್ರಿ?" ಇದನ್ನು ಒಬ್ಬರೂ ಕೇಳಿಲ್ಲ.

ಮೊದಲೆರಡು ವಾರ 24, 24. ಮೂರನೇ ವಾರ ಜ್ವರ ಬಂತು, ಬರೀ 9. ಬಾಕಿ 15ನ್ನು ನಾಲ್ಕನೇ ವಾರಕ್ಕೆ ಸೇರಿಸಿದೆ, 39 ಆಯಿತು. ಸೋಮವಾರ 7, ಮಂಗಳವಾರ 7, ಎರಡು ದಿನವೂ ಕೆಲಸಕ್ಕೆ ತಡ. ಬುಧವಾರ ಮೂರನೇ ಗುಂಡಿಯಲ್ಲಿ ಸೊಂಟ ಹಿಡಿಯಿತು. ಶನಿವಾರದವರೆಗೆ ಚಾಪೆ ಮೇಲೆ. "ಬಾಕಿ ತೀರ್ತಾ?" ಅಂತ ನಮ್ಮನೆಯವಳು ಎಣ್ಣೆ ಹಚ್ಚುತ್ತಾ ಕೇಳಿದಳು. ಆ ವಾರ ಆಗಿದ್ದು 17, ಬಾಕಿ 22ಕ್ಕೆ ಏರಿತ್ತು.

ಖಾಲಿ ಬಿಟ್ಟ ವಾರ ಇದ್ದದ್ದು ಇದಕ್ಕೇ, ನನಗೆ ಹೊಳೆದಿರಲಿಲ್ಲ. ಆಮೇಲೆ ಬಾಕಿಯನ್ನು ದಿನಕ್ಕೆ ಹಂಚುವುದನ್ನು ಬಿಟ್ಟೆ. ಭಾನುವಾರ ಎಣಿಸಿ, ಕಡಿಮೆ ಬಿದ್ದರೆ ಖಾಲಿ ವಾರಕ್ಕೆ ದೂಡಿದೆ. ಅಲ್ಲೂ ಹಿಡಿಸದೇ ಇದ್ದದ್ದನ್ನು ಗುರಿಯಿಂದಲೇ ಕಳೆದೆ. ಸೊಂಟ ನೋಡಿಕೊಂಡು ಐದನೇ ವಾರ 20, ಆರನೇ ವಾರ 20. ಒಟ್ಟು 114. 120ರ ಗುರಿಯಲ್ಲಿ ಆರು ಗೂಟ ಹಾಗೇ ನಿಂತವು.

ಈಗ ಖಾಲಿ ಜಾಗ 126 ಇದೆ. ನರ್ಸರಿಯವರಿಗೆ ಈ ಸಲ ಹೇಳಿರೋದು 100 ಸಸಿಗೆ.