ವಿಭಕ್ತಿ ತಪಾಸಣೆ: ‘ಮಳೆಗಾಲದ ಮೊದಲು’ ಎಂಬಲ್ಲಿ ಎಡವಿದ್ದು

ಸೂಚನಾಪತ್ರಗಳ ಕನ್ನಡ ತಿದ್ದುವ ಕೆಲಸದಲ್ಲಿ ಈ ವಾರ ಒಂದೇ ವಾಕ್ಯ ಮುಗಿಯಿತು. ಉಡುಪಿ ಕಡೆ ಮೇ ತಿಂಗಳಲ್ಲಿ ಮನೆಮನೆಗೆ ಹಂಚುವ ಬಗೆಯದು:

‘ಮಳೆಗಾಲದ ಮೊದಲು ಬಾವಿ ಹತ್ತಿರದ ತೋಡಿನ ಹೂಳು ತೆಗೆಯಿರಿ.’

ಓದಿದರೆ ಸರಿಯಾಗಿಯೇ ಕೇಳಿಸುತ್ತದೆ. ತೊಡಕಿರುವುದು ‘ಮಳೆಗಾಲದ’ ಎಂಬ ಷಷ್ಠಿಯಲ್ಲಿ. ‘ಮೊದಲು’ ಎಂದರೆ ಆರಂಭ ಎಂಬ ಅರ್ಥವೂ ಇದೆ. ಷಷ್ಠಿ ಹಚ್ಚಿದಾಗ ಆ ‘ಮೊದಲು’ ಮಳೆಗಾಲದ್ದೇ ಒಂದು ಭಾಗವಾಗಿ, ಮಳೆ ಶುರುವಾದ ಹೊತ್ತಿಗೆ ತೆಗೆದರಾಯಿತು ಎಂದು ಓದಲು ಎಡೆಯಾಗುತ್ತದೆ. ಜೂನ್‌ನಲ್ಲಿ ತೋಡು ತುಂಬಿದ ಮೇಲೆ ಹೂಳು ತೆಗೆಯುವುದು ಹೇಗೆ? ಚತುರ್ಥಿಯಲ್ಲಿ ಈ ಗೊಂದಲವಿಲ್ಲ: ‘ಮಳೆಗಾಲಕ್ಕೆ ಮೊದಲು’. ಮಳೆಗಾಲವನ್ನು ಗಡಿಯಾಗಿ ನಿಲ್ಲಿಸಿ ಅದಕ್ಕೂ ಹಿಂದಿನ ಕಾಲವನ್ನು ಹೇಳಿದಂತಾಯಿತು. ‘ಮಳೆಗಾಲಕ್ಕಿಂತ ಮೊದಲು’ ಎಂದರೂ ಸರಿ, ‘ಇಂತ’ ಕೂರುವುದೂ ಚತುರ್ಥಿಯ ಮೇಲೆಯೇ. ಆಡುಮಾತಿನಲ್ಲಿ ‘ಊಟದ ಮೊದಲು’ ಎನ್ನುವವರು ಬಹಳ ಜನ ಇದ್ದಾರೆ, ಅದನ್ನು ತಪ್ಪೆಂದು ಹೊಡೆದುಹಾಕಬೇಕಾಗಿಲ್ಲ. ಬರೆದು ಹಂಚುವ ಸೂಚನೆಗೆ ಮಾತ್ರ ಚತುರ್ಥಿಯೇ ಇರಲಿ.

ನಮ್ಮ ಕಡೆ ಇನ್ನೊಂದು ರೂಪವೂ ಸಿಗುತ್ತದೆ: ‘ಅದರಿಂದ ಮೊದಲು’. ತುಳುವಿನ ‘ಅಯಿಡ್ದ್ ದುಂಬು’ ಕನ್ನಡದೊಳಗೆ ಹಾಗೆ ಇಳಿಯುತ್ತದೆ. ಕನ್ನಡದಲ್ಲಿ ಅದು ‘ಅದಕ್ಕೆ ಮೊದಲು’.

‘ಬಾವಿ ಹತ್ತಿರದ’ ಎಂಬಲ್ಲಿ ವಿಭಕ್ತಿಯೇ ಕಾಣುವುದಿಲ್ಲ. ಇ, ಎ ಕೊನೆಯ ನಾಮಪದಗಳಲ್ಲಿ ಷಷ್ಠಿಯ ‘ಯ’ ಸುಲಭವಾಗಿ ಬಿದ್ದುಹೋಗುತ್ತದೆ. ಅಡಗಿದ ವಿಭಕ್ತಿಯನ್ನು ಹೊರಗೆಳೆಯಲು ಆ ಜಾಗದಲ್ಲಿ ‘ಅದು’ ಇಟ್ಟು ನೋಡುತ್ತೇವೆ. ‘ಅದು ಹತ್ತಿರ’ ಆಗದು. ‘ಅದರ ಹತ್ತಿರ’ ಅಥವಾ ‘ಅದಕ್ಕೆ ಹತ್ತಿರ’ ಆಗಬೇಕು. ಇವೆರಡೂ ಒಂದೇ ಅಲ್ಲ. ‘ಬಾವಿಯ ಹತ್ತಿರದ ತೋಡು’ ಬಾವಿಯ ಆಸುಪಾಸಿನದು. ‘ಬಾವಿಗೆ ಹತ್ತಿರದ ತೋಡು’ ಎಂದರೆ ನಾಲ್ಕಾರು ತೋಡುಗಳಲ್ಲಿ ದೂರ ಕಡಿಮೆ ಇರುವುದು. ಇಲ್ಲಿ ಬೇಕಾದದ್ದು ಮೊದಲನೆಯದು.

ತಿದ್ದಿದ ವಾಕ್ಯ: ‘ಮಳೆಗಾಲಕ್ಕೆ ಮೊದಲು ಬಾವಿಯ ಹತ್ತಿರದ ತೋಡಿನ ಹೂಳು ತೆಗೆಯಿರಿ.’

ಉಳಿದ ಕಡತದಲ್ಲಿ ಇಂಥವನ್ನು ಹುಡುಕಲು:

```
grep -nE '[ದಯನರಳ] ಮೊದಲು' suchane.txt
```

‘ಜನ ಮೊದಲು ಬಾವಿ ನೋಡಲಿ’ ಎಂಬಂಥದ್ದೂ ಇದರಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ‘ಮೊದಲು’ ಬರೀ ಕ್ರಿಯಾವಿಶೇಷಣ, ಮುಟ್ಟಬಾರದು. ‘ಮಳೆ ಬರುವ ಮೊದಲು’ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ: ‘ಬರುವ’ ಕೃದಂತ, ಅದಕ್ಕೆ ವಿಭಕ್ತಿ ಹತ್ತದು. ಅದನ್ನೇ ನಾಮಪದ ಮಾಡಿದರೆ ಚತುರ್ಥಿ ತಾನಾಗಿ ಬರುತ್ತದೆ, ‘ಬರುವುದಕ್ಕೆ ಮೊದಲು’.

ಒಟ್ಟಿಗೆ ಬದಲಿಸುವ ಆಜ್ಞೆ ಕೊಡದೆ ಸಾಲುಸಾಲಾಗಿ ನೋಡುತ್ತಿದ್ದೇವೆ. ‘ನಂತರ’ಕ್ಕೆ ಷಷ್ಠಿಯೇ ಬೇಕು, ‘ಮಳೆಗಾಲದ ನಂತರ’. ‘ಮೊದಲು’ ತಿದ್ದಿದ ಕೈ ಅದೇ ಭರದಲ್ಲಿ ‘ಮಳೆಗಾಲಕ್ಕೆ ನಂತರ’ ಎಂದು ಬರೆದದ್ದು ಎರಡನೇ ಓದಿನಲ್ಲಿ ಸಿಕ್ಕಿತು.