ಎಂಟೆಸಳಿನ ಅಕ್ರಿಲಿಕ್ ರಂಗೋಲಿ

ಹಬ್ಬಕ್ಕೆ ಬಾಗಿಲ ಮುಂದಿಡಲು 3 ಮಿಮೀ ಅಕ್ರಿಲಿಕ್ ಹಾಳೆಯನ್ನು ಲೇಸರ್‌ನಲ್ಲಿ ಕತ್ತರಿಸಿ ರಂಗೋಲಿ ಮಾಡುತ್ತಿದ್ದೇನೆ. ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಬಿಡಿಸಿದ್ದು ಒಂದೇ ಎಸಳು. ಅದರ ತಿರುಗುವ ಕೇಂದ್ರವನ್ನು ರಂಗೋಲಿಯ ನಡುವಿಗೆ ಎಳೆದಿಟ್ಟು, 45 ಡಿಗ್ರಿಗೊಂದರಂತೆ ಕ್ಲೋನ್ ಮಾಡಿದರೆ ಎಂಟೂ ರೆಡಿ.

ತಲೆನೋವು ಶುರುವಾಗುವುದು ಆಮೇಲೆ. ಪರದೆಯಲ್ಲಿ ಎಸಳುಗಳು ಒಂದರ ಮೇಲೊಂದು ಹತ್ತಿದರೆ ಚಂದವೇ. ಆದರೆ ಲೇಸರ್‌ಗೆ ಪ್ರತಿ ಗೆರೆಯೂ ಕತ್ತರಿಸುವ ದಾರಿ. ಎಸಳು ಸೇರುವ ಕಡೆ ಒಳಗಿನ ಗೆರೆಗಳನ್ನೂ ಕೊಯ್ದು ಇಡೀ ರಂಗೋಲಿಯನ್ನು ಚೂರು ಮಾಡುತ್ತದೆ. ಅಮ್ಮ ಅಂಗಳದಲ್ಲಿ ಎಳೆ ಬಿಡುವಾಗ ಗೆರೆ ಗೆರೆ ದಾಟಿದರೂ ಚಿಂತೆಯಿಲ್ಲ, ನೆಲ ಎಲ್ಲವನ್ನೂ ಹಿಡಿದುಕೊಂಡಿರುತ್ತದೆ ಅಲ್ವಾ? ಇಲ್ಲಿ ಗೆರೆಗಳ ನಡುವಿನ ಹಾಳೆಯೇ ತನ್ನನ್ನು ತಾನು ಹಿಡಿದುಕೊಳ್ಳಬೇಕು.

ತುದಿಗೆ ತುದಿ ತಾಕಿದರೂ ಸಾಲದು. ಲೇಸರ್ ಕೊಯ್ಯುವಾಗ ಸುಮಾರು 0.2 ಮಿಮೀ ಅಗಲ ಸುಟ್ಟು ಹೋಗುತ್ತದೆ. ಹಾಗಾಗಿ ಎಸಳುಗಳು ಕೂಡುವಲ್ಲಿ ನಾನು 3 ಮಿಮೀ ಅಗಲ ಬಿಡುತ್ತೇನೆ. ಮೂಲ ಎಸಳನ್ನು ಸ್ವಲ್ಪ ದಪ್ಪ ಮಾಡಿದರೆ ಉಳಿದ ಏಳೂ ತಾವಾಗಿಯೇ ಬದಲಾಗುತ್ತವೆ. ಇದೆಲ್ಲ ಮುಗಿದ ಮೇಲಷ್ಟೇ ಕ್ಲೋನ್‌ಗಳನ್ನು `Unlink Clone` ಮಾಡಿ, `Path > Union` ಕೊಟ್ಟು ಎಂಟನ್ನೂ ಒಂದೇ ಆಕಾರವಾಗಿ ಬೆಸೆಯುವುದು. ಕೊನೆಗೆ ಬಣ್ಣ ತೆಗೆದು ಬರೀ ಔಟ್‌ಲೈನ್ ನೋಡಿ. ಒಳಗೆಲ್ಲೂ ಅಡ್ಡಗೆರೆ ಕಾಣದಿದ್ದರೆ ಫೈಲ್ ಕಟಿಂಗ್‌ಗೆ ಕಳಿಸಬಹುದು.